ಭಾವನ ಮನೆಯ ಪ್ಲಿಂತಿಗೆ ಗರಸು ತುಂಬಿದ್ದು

ನೆಲ ಕುಸಿದ ಮನೆಯನ್ನು ಗುರುತು ಹಿಡಿಯೋದು ಕಷ್ಟವಲ್ಲ. ಗೋಡೆಯ ಬುಡದಲ್ಲಿ ಸ್ಕರ್ಟಿಂಗ್ ಪಟ್ಟಿ ಇರುತ್ತದಲ್ಲ, ಅದರ ಕೆಳಗೆ ನೋಡಬೇಕು. ಪಟ್ಟಿಗೂ ಟೈಲಿಗೂ ನಡುವೆ ಸಂದು ಬಿಟ್ಟಿದ್ದರೆ ನೆಲ ಇಳಿದಿದೆ ಎಂದೇ ಅರ್ಥ. ಗೋಡೆ ಬುನಾದಿಯ ಮೇಲೆ ನಿಂತಿರುತ್ತದೆ, ಅದು ಇದ್ದಲ್ಲೇ ಇರುತ್ತದೆ. ನೆಲ ಮಾತ್ರ ಪ್ಲಿಂತಿನೊಳಗೆ, ಅಂದರೆ ಬುನಾದಿಯಿಂದ ಮನೆಯ ನೆಲದ ಮಟ್ಟದವರೆಗೆ ಎಬ್ಬಿಸಿದ ಗೋಡೆಗಳ ನಡುವೆ, ತುಂಬಿದ ಮಣ್ಣಿನ ಮೇಲೆ ಮಲಗಿರುತ್ತದೆ. ಮಣ್ಣು ಕೂತರೆ ನೆಲವೂ ಕೂರುತ್ತದೆ, ಸ್ಕರ್ಟಿಂಗ್ ಗೋಡೆಗೆ ಅಂಟಿಕೊಂಡು ಮೇಲೆಯೇ ಉಳಿಯುತ್ತದೆ. ಜನ ಟೈಲ್ ಹಾಕಿದವನನ್ನು ಬೈಯುತ್ತಾರೆ. ಪಾಪ, ಅವನದೇನೂ ತಪ್ಪಿರುವುದಿಲ್ಲ.

ನಾನು ಡಿಪ್ಲೊಮಾ ಮುಗಿಸಿ ಬಹಳ ವರ್ಷ ರಸ್ತೆ ಕೆಲಸದಲ್ಲೇ ಇದ್ದವನು. ರಸ್ತೆಯಲ್ಲಿ ಮಣ್ಣಿನ ಒಂದೊಂದು ಪದರಕ್ಕೂ ಟೆಸ್ಟ್ ಇರುತ್ತದೆ. ಪಾಸಾಗದೆ ಮುಂದಿನ ಪದರ ಹಾಕುವ ಹಾಗಿಲ್ಲ. ಮನೆ ಕಟ್ಟುವಲ್ಲಿ ಮಾತ್ರ ಕಬ್ಬಿಣ, ಸಿಮೆಂಟು, ಇಟ್ಟಿಗೆ ಎಲ್ಲವನ್ನೂ ಕೇಳಿ ಕೇಳಿ ತರುತ್ತಾರೆ. ಪ್ಲಿಂತಿನೊಳಗೆ ಏನು ಹೋಯಿತು, ಹೇಗೆ ಹೋಯಿತು ಅಂತ ಯಾರೂ ಬಗ್ಗಿ ನೋಡುವುದಿಲ್ಲ. ಹಾಗಾಗಿ ಅಕ್ಕ ಮತ್ತು ಭಾವ ದಾವಣಗೆರೆಯ ಹೊರಗೆ ಮನೆ ಶುರು ಮಾಡಿದಾಗ, ಬೇರೆ ಯಾವ ಕೆಲಸದಲ್ಲೂ ತಲೆ ಹಾಕುವುದಿಲ್ಲ, ಫಿಲ್ಲಿಂಗ್ ಮಾತ್ರ ನನಗೆ ಬಿಡಿ ಅಂತ ಹೇಳಿದ್ದೆ.

ಅಲ್ಲಿನ ನೆಲ ಎರೆಮಣ್ಣು. ಪಾಯ ತೆಗೆದಾಗ ಸುಮಾರು ನಾಲ್ಕು ಅಡಿ ಕಪ್ಪು ಮಣ್ಣು ಬಂದು, ಅದರ ಕೆಳಗೆ ಗಟ್ಟಿ ಗರಸು, ಅಂದರೆ ಕಲ್ಲುಚೂರು ಬೆರೆತ ಮಣ್ಣು, ಸಿಕ್ಕಿತ್ತು. ಬುನಾದಿ ಆ ಗರಸಿನ ಮೇಲೆ ಕೂತಿದೆ, ಅದಕ್ಕೆ ತೊಂದರೆಯಿಲ್ಲ. ಆದರೆ ಪಾಯದಿಂದ ತೆಗೆದ ಎರೆಮಣ್ಣು ಸೈಟಿನಲ್ಲೇ ಗುಡ್ಡೆಯಾಗಿ ಬಿದ್ದಿತ್ತು. ಮೇಸ್ತ್ರಿ ಅದನ್ನೇ ತೋರಿಸಿ, "ಇಷ್ಟು ಮಣ್ಣು ಕಣ್ಣೆದುರಿಗೇ ಇದೆಯಲ್ಲ ಸಾರ್, ಮೊದಲು ಇದನ್ನ ಒಳಗೆ ತಳ್ಳಿ, ಮೇಲೆ ಎರಡು ಲೋಡು ಗರಸು ಹಾಕಿದರೆ ಆಯ್ತು" ಅಂದರು. ಭಾವನಿಗೂ ಅದು ಸರಿ ಅನಿಸಿತ್ತು. ಗರಸು ದುಡ್ಡು ಕೊಟ್ಟು ತರಬೇಕು, ಈ ಮಣ್ಣನ್ನು ಸಾಗಿಸೋದಕ್ಕೂ ದುಡ್ಡು ಕೊಡಬೇಕು.

ಎರೆಮಣ್ಣಿನ ಗುಣ ಆ ಕಡೆಯ ರೈತರಿಗೆಲ್ಲ ಗೊತ್ತು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬಿ ಬಿರುಕೆಲ್ಲ ಮುಚ್ಚಿಕೊಳ್ಳುತ್ತದೆ. ಇದನ್ನು ನೆಲದಡಿ ತುಂಬಿದರೆ ನೆಲ ಕುಸಿಯಲೂಬಹುದು, ಏಳಲೂಬಹುದು. ಎಷ್ಟು ದಮ್ಮಸು ಮಾಡಿ ಗಟ್ಟಿಸಿದರೂ ಆ ಗುಣ ಹೋಗುವುದಿಲ್ಲ. ಇನ್ನೂ ಹೇಳಬೇಕೆಂದರೆ, ಒಣಗಿದ್ದಾಗ ಬಿಗಿಯಾಗಿ ಗಟ್ಟಿಸಿದ ಎರೆಮಣ್ಣು ನೀರು ಕುಡಿದಾಗ ಜಾಸ್ತಿಯೇ ಉಬ್ಬುತ್ತದೆ. ಹೀಗಾಗಿ ಆ ಗುಡ್ಡೆ ಹೊರಗೆ ಹೋಯಿತು. ಅಷ್ಟೇ ಅಲ್ಲ, ಪ್ಲಿಂತಿನ ಒಳಗೂ ಮೇಲಿನ ಒಂದು ಅಡಿ ಎರೆಮಣ್ಣನ್ನು ತೆಗೆಸಿದೆ. ಪೂರ್ತಿ ನಾಲ್ಕು ಅಡಿ ತೆಗೆಯೋದು ಆ ಬಜೆಟ್ಟಿನಲ್ಲಿ ಆಗದ ಮಾತು. ಅಂದರೆ ನಾವು ತುಂಬುವ ಗರಸಿನ ಕೆಳಗೆ ಇನ್ನೂ ಮೂರು ಅಡಿ ಎರೆಮಣ್ಣು ಉಳಿಯುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ನೀರಿನ ವಿಚಾರ ಬಂದಾಗ ಬೇಕಾಗುತ್ತದೆ.

ತುಂಬುವ ಮೊದಲು ಒಳಗಿನ ಕಸ ತೆಗೆಸಿದೆ. ಸೆಂಟ್ರಿಂಗ್ ಹಲಗೆ ಚೂರು, ಗೂಟ, ಸಿಮೆಂಟ್ ಚೀಲ, ಗಾರೆಯ ಉಳಿಕೆ, ಯಾರೋ ಎಸೆದ ತೆಂಗಿನ ಚಿಪ್ಪು, ಎಲ್ಲ ಅಲ್ಲೇ ಇರುತ್ತವೆ. ಮರದ ಚೂರು ಒಳಗೆ ಉಳಿದರೆ ಗೆದ್ದಲಿಗೆ ಊಟ. ಅದು ತಿಂದು ಮುಗಿಸಿದ ಮೇಲೆ ಆ ಜಾಗ ಪೊಳ್ಳು. ಹಾಗೆಯೇ ಹೊರಗಡೆಯ ಪಾಯದ ಸಂದನ್ನೂ ಒಳಗಿನ ಜೊತೆಜೊತೆಗೇ ತುಂಬುತ್ತಾ ಬರಬೇಕು. ಒಳಗೆ ಮೂರಡಿ ತುಂಬಿ ಮಷಿನ್ ಹೊಡೆದು, ಹೊರಗೆ ಖಾಲಿ ಬಿಟ್ಟರೆ ಸೈಜುಗಲ್ಲಿನ ಗೋಡೆಗೆ ಒಂದೇ ಕಡೆಯಿಂದ ತಳ್ಳು ಬೀಳುತ್ತದೆ.

ಇನ್ನು ಲೆಕ್ಕ. ಒಳಗಿನ ರೂಮುಗಳೆಲ್ಲ ಸೇರಿ ಸುಮಾರು 75 ಚದರ ಮೀಟರ್. ತುಂಬಬೇಕಾದ ಎತ್ತರ 90 ಸೆಂಟಿಮೀಟರ್. ಅಂದರೆ 67 ಘನ ಮೀಟರ್ ಚಿಲ್ಲರೆ. ಭಾವ ಅದನ್ನು ಟಿಪ್ಪರ್ ಲೋಡಿಗೆ ಭಾಗಿಸಿ ಹನ್ನೆರಡು ಲೋಡು ಅಂತ ಬರೆದಿಟ್ಟಿದ್ದರು. ನಾನು ಹದಿನಾರು ಅಂದೆ. ಟಿಪ್ಪರಿನಲ್ಲಿ ಬರುವುದು ಸಡಿಲ ಮಣ್ಣು. 20 ಸೆಂಟಿಮೀಟರ್ ಹರಡಿದ ಗರಸು ಸರಿಯಾಗಿ ದಮ್ಮಸಾದರೆ 15ಕ್ಕೆ ಇಳಿಯುತ್ತದೆ. ಆ ಲೆಕ್ಕಕ್ಕೆ 67 ಬೇಕಾದರೆ 90ರ ಹತ್ತಿರ ತರಬೇಕು. "ನೋಡಪ್ಪ, ಹನ್ನೆರಡಕ್ಕೇ ತುಂಬಿದ ಮನೆಗಳನ್ನ ನಾನು ನೋಡಿದೀನಿ" ಅಂದರು ಭಾವ. ನಾನೂ ನೋಡಿದ್ದೇನೆ. ಹನ್ನೆರಡು ಲೋಡಿಗೇ ಪ್ಲಿಂತ್ ತುಂಬಿತೆಂದರೆ ಅದರಲ್ಲಿ ನಾಲ್ಕು ಲೋಡಿನಷ್ಟು ಗಾಳಿಯೂ ಇದೆ ಅಂತ ಅರ್ಥ, ಅಷ್ಟೇ.

ಗೋಡೆಯ ಒಳಮುಖದ ಮೇಲೆ 15 ಸೆಂಟಿಮೀಟರಿಗೊಂದರಂತೆ ಆರು ಕೆಂಪು ಗೆರೆ ಎಳೆಸಿದೆ. ದಮ್ಮಸಾದ ಮೇಲೆ ಮಣ್ಣು ಎಲ್ಲಿಗೆ ನಿಲ್ಲಬೇಕೋ ಅದರ ಗೆರೆ. ಪ್ರತಿ ಗೆರೆಯಿಂದ 5 ಸೆಂಟಿಮೀಟರ್ ಮೇಲೆ ಸೀಮೆಸುಣ್ಣದಲ್ಲಿ ಇನ್ನೊಂದು. ಸಡಿಲ ಮಣ್ಣು ಅಲ್ಲಿಯವರೆಗೆ ಹರಡಬೇಕು. ಕೆಲಸದವರಿಗೆ ಮಿಲಿಮೀಟರ್ ಲೆಕ್ಕ ಹೇಳುವುದಕ್ಕಿಂತ ಗೆರೆ ತೋರಿಸುವುದು ಸುಲಭ. ಮಷಿನ್ ಎರಡು ತಂದಿದ್ದೆವು. ಬಯಲಿನ ಭಾಗಕ್ಕೆ ಪ್ಲೇಟ್ ಕಾಂಪ್ಯಾಕ್ಟರ್. ಗೋಡೆ ಬದಿಗೆ, ಮೂಲೆಗೆ, ಪೈಪಿನ ಕಾಲುವೆಗೆ ಕುಣಿಯುವ ರ‍್ಯಾಮರ್.

ಮೊದಲ ದಿನವೇ ಜಗಳವಾಯಿತು. ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಹಿಂದಿನ ರೂಮಿಗೆ ಒಂದೇ ಸಲಕ್ಕೆ ಒಂದೂವರೆ ಅಡಿ ಗರಸು ಹರಡಿ, ಮೇಲೆ ಪ್ಲೇಟ್ ಓಡಿಸಿ ನುಣ್ಣಗೆ ಮಾಡಿಟ್ಟಿದ್ದರು. ನೋಡೋದಕ್ಕೆ ಚೆನ್ನಾಗಿಯೇ ಇತ್ತು. ಹತ್ತಿ ಜಿಗಿದರೆ ಕಾಲಿನ ಗುರುತೂ ಬೀಳುತ್ತಿರಲಿಲ್ಲ. "ಕಲ್ಲಾಗಿದೆ ನೋಡಿ ಸಾರ್" ಅಂದರು ಮೇಸ್ತ್ರಿ.

12 ಎಂಎಂ ಕಬ್ಬಿಣದ ಸರಳು ತರಿಸಿದೆ. ಮಣ್ಣಿಗೆ ಚುಚ್ಚಿ ಕೈಯಿಂದ ಒತ್ತಿದರೆ ಇಳಿಯಲಿಲ್ಲ. ಸುತ್ತಿಗೆಯಲ್ಲಿ ನಾಲ್ಕೈದು ಏಟು ಕೊಟ್ಟ ಮೇಲೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಹೋಯಿತು. ಆಮೇಲೆ ಸುತ್ತಿಗೆ ಬೇಕಾಗಲೇ ಇಲ್ಲ. ಎರಡು ಕೈಯಲ್ಲಿ ಹಿಡಿದು ಒತ್ತಿದರೆ ಸಲೀಸಾಗಿ ತಳ ಮುಟ್ಟಿತು. ಪಕ್ಕದಲ್ಲೇ ಗುದ್ದಲಿಯಿಂದ ಒಂದು ಗುಂಡಿ ತೋಡಿಸಿದೆ. ಮೇಲಿನ ಭಾಗ ಹೆಂಟೆ ಹೆಂಟೆಯಾಗಿ ಕಿತ್ತು ಬಂತು. ಕೆಳಗಿನದು ಟಿಪ್ಪರಿನಿಂದ ಸುರಿದಾಗ ಹೇಗಿತ್ತೋ ಹಾಗೇ ಇತ್ತು. ಹೆಂಟೆಗಳ ನಡುವೆ ಸಂದು ಕಾಣುತ್ತಿತ್ತು, ಬೆರಳಲ್ಲಿ ಕೆದಕಿದರೆ ಉದುರುತ್ತಿತ್ತು. ಮೇಸ್ತ್ರಿ ಕೂತು ಕೈ ಹಾಕಿ ನೋಡಿದರು. ಏನೂ ಮಾತಾಡಲಿಲ್ಲ. ರೂಮು ಖಾಲಿ ಮಾಡಿಸಿದರು.

ಕಾರಣ ಇಷ್ಟೇ. ಮಷಿನಿನ ಹೊಡೆತ ಮೇಲಿನಿಂದ ಬರುತ್ತದೆ, ಕೆಳಗೆ ಇಳಿದಂತೆಲ್ಲ ಅಗಲಕ್ಕೆ ಹಂಚಿಕೊಂಡು ಬಲ ಕಳೆದುಕೊಳ್ಳುತ್ತದೆ. ಮೇಲಿನ ಮಣ್ಣು ಗಟ್ಟಿಯಾದ ಮೇಲಂತೂ ಅದೇ ಹೊಡೆತವನ್ನೆಲ್ಲ ಹಿಡಿದುಕೊಳ್ಳುತ್ತದೆ. ಆಮೇಲೆ ಎಷ್ಟು ಸಲ ಮಷಿನ್ ಓಡಿಸಿದರೂ ತಳಕ್ಕೆ ಏನೂ ಮುಟ್ಟುವುದಿಲ್ಲ. ಮನೆ ಕೆಲಸಕ್ಕೆ ಬಾಡಿಗೆಗೆ ಸಿಗುವ ಸಣ್ಣ ಮಷಿನ್‌ಗಳಿಗೆ 20 ಸೆಂಟಿಮೀಟರ್ ಸಡಿಲ ಪದರವೇ ಹೆಚ್ಚು ಕಡಿಮೆ ಕೊನೆ. ಜೇಡಿ ಅಂಶ ಜಾಸ್ತಿ ಇದ್ದರೆ 15ಕ್ಕೇ ನಿಲ್ಲಿಸಬೇಕು.

ಎಷ್ಟು ಸಲ ಓಡಿಸಬೇಕು ಅನ್ನೋದಕ್ಕೆ ನಾನು ಮೊದಲ ಪದರದಲ್ಲೇ ಒಂದು ಲೆಕ್ಕ ತೆಗೆದೆ. ಇದಕ್ಕೆ ಲ್ಯಾಬು ಬೇಡ, ದಾರ ಮತ್ತು ಟೇಪು ಸಾಕು. ಎದುರುಬದುರು ಗೋಡೆಗೆ ಮೊಳೆ ಹೊಡೆದು ದಾರ ಬಿಗಿದೆವು. ದಾರದಿಂದ ಮಣ್ಣಿನವರೆಗೆ ಹರಡಿದಾಗ 50 ಸೆಂಟಿಮೀಟರ್ ಇತ್ತು. ಪ್ಲೇಟ್ ಎರಡು ಸಲ ಓಡಿದ ಮೇಲೆ 53.5. ನಾಲ್ಕು ಸಲ ಆದಾಗ 54.7. ಆರಕ್ಕೆ 55. ಎಂಟು ಸಲ ಆದರೂ ಅದೇ 55. ಅಂದರೆ ಆ ಮಣ್ಣಿಗೆ, ಆ ಹದಕ್ಕೆ, ಆ ಮಷಿನಿಗೆ ಆರು ಸಲ ಸಾಕು. ಏಳನೆಯದು ಸುಮ್ನೆ ಪೆಟ್ರೋಲು ಸುಡೋದು. ಪ್ರತಿ ಸಲವೂ ಹಿಂದಿನ ಸಾಲಿನ ಮೇಲೆ ಸ್ವಲ್ಪ ಹತ್ತಿಸಿಕೊಂಡೇ ಓಡಿಸಬೇಕು, ಒಮ್ಮೆ ಉದ್ದಕ್ಕೆ ಓಡಿಸಿದರೆ ಮುಂದಿನ ಸಲ ಅಡ್ಡಕ್ಕೆ.

ಮಣ್ಣು ಇಳಿಯೋದು ನಿಂತಿತು ಅಂದಮಾತ್ರಕ್ಕೆ ಕೆಲಸ ಸರಿಯಾಯಿತು ಅಂತ ಅಲ್ಲ. ಒಣ ಮಣ್ಣೂ ಬೇಗ ಇಳಿಯೋದು ನಿಲ್ಲಿಸುತ್ತದೆ. ಕಣಗಳು ಒಂದಕ್ಕೊಂದು ಉಜ್ಜಿಕೊಂಡು ಹಟ ಹಿಡಿದು ನಿಂತಿರುತ್ತವೆ, ಅಷ್ಟೇ. ಆಮೇಲೆ ಯಾವತ್ತೋ ಬಚ್ಚಲ ಪೈಪು ಸೋರಿ ನೀರು ಒಳಗೆ ಹೋದಾಗ ಆ ಹಟ ಬಿಟ್ಟು ಕುಸಿಯುತ್ತವೆ. ಅದಕ್ಕೇ ಹದ ಮುಖ್ಯ.

ಇಲ್ಲಿ ಎರಡನೇ ಜಗಳ. ನಮ್ಮ ಕಡೆಯ ಪದ್ಧತಿಯೆಂದರೆ ಪ್ಲಿಂತ್ ತುಂಬಿಸಿ ನೀರು ಕಟ್ಟುವುದು. "ಬೋರು ಆನ್ ಮಾಡಿ ಪೈಪು ಹಾಕಿಬಿಡೋಣ ಸಾರ್. ರಾತ್ರಿಯೆಲ್ಲ ಕುಡಿದು ಬೆಳಗ್ಗೆ ಹೊತ್ತಿಗೆ ಕೂತ್ಕೊಂಡಿರುತ್ತೆ" ಅನ್ನೋದು ಮೇಸ್ತ್ರಿಯ ವಾದ. ನೀರು ಕಟ್ಟಿದರೆ ಮಣ್ಣು ಒಂದಿಷ್ಟು ಇಳಿಯುವುದು ನಿಜ. ಅದನ್ನೇ ಕಣ್ಣಾರೆ ನೋಡಿ ಜನ ನಂಬಿದ್ದಾರೆ. ಶುದ್ಧ ಮರಳಾಗಿದ್ದರೆ ಆ ವಿಧಾನ ಸ್ವಲ್ಪ ಮಟ್ಟಿಗೆ ನಡೆಯುತ್ತದೆ, ಯಾಕೆಂದರೆ ಮರಳಿನಿಂದ ನೀರು ಬೇಗ ಬಸಿದು ಹೋಗುತ್ತದೆ. ಗರಸಿನಲ್ಲಿ ಜೇಡಿ ಇರುತ್ತದೆ. ಅದು ನೀರು ಹಿಡಿದುಕೊಂಡು ಕೂರುತ್ತದೆ. ಕಣಗಳ ನಡುವಿನ ಜಾಗವನ್ನು ನೀರೇ ತುಂಬಿಕೊಂಡ ಮೇಲೆ ಮಷಿನ್ ಒತ್ತಿದರೂ ಕಣಗಳು ಹತ್ತಿರ ಬರುವುದಕ್ಕೆ ಜಾಗವೆಲ್ಲಿದೆ? ಹೊಡೆದ ಕಡೆ ತಗ್ಗಿ ಪಕ್ಕದಲ್ಲಿ ಉಬ್ಬುತ್ತದೆ. ತಿಂಗಳುಗಟ್ಟಲೆ ಆದಮೇಲೆ ನೀರು ಆರಿದಾಗ ಆ ಜಾಗ ಖಾಲಿಯಾಗಿ ಉಳಿಯುತ್ತದೆ. ಅಷ್ಟರಲ್ಲಿ ಮೇಲೆ ಟೈಲ್ಸ್ ಬಿದ್ದಿರುತ್ತದೆ.

ನಮ್ಮ ಸೈಟಿನಲ್ಲಿ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ನಾಲ್ಕೂ ಕಡೆ ಗೋಡೆ ಇರುವ ಪ್ಲಿಂತ್ ಒಂದು ಬಾನಿ ಇದ್ದ ಹಾಗೆ. ಪಕ್ಕಕ್ಕೆ ನೀರು ಹೋಗಲು ದಾರಿ ಇಲ್ಲ, ಕೆಳಕ್ಕೇ ಇಳಿಯಬೇಕು. ಕೆಳಗೆ ಇರುವುದು ಮೂರು ಅಡಿ ಎರೆಮಣ್ಣು. ನಾವಾಗಿಯೇ ಅದಕ್ಕೆ ಹೊಟ್ಟೆ ತುಂಬ ನೀರು ಕುಡಿಸಿ, ಅದು ಉಬ್ಬಿರುವಾಗ ಮೇಲೆ ಸ್ಲ್ಯಾಬ್ ಹಾಕಿದಂತಾಗುತ್ತದೆ. ಬೇಸಿಗೆಯಲ್ಲಿ ಅದು ಒಣಗಿ ಕುಗ್ಗಿದಾಗ ಮೇಲಿನ ಗರಸೂ ಅದರ ಜೊತೆ ಇಳಿಯುತ್ತದೆ. ಗರಸನ್ನು ಎಷ್ಟೇ ಚೆನ್ನಾಗಿ ಗಟ್ಟಿಸಿದ್ದರೂ ಆಗ ಪ್ರಯೋಜನವಿಲ್ಲ. ಇಷ್ಟು ಬಿಡಿಸಿ ಹೇಳಿದ ಮೇಲೆ ಮೇಸ್ತ್ರಿ ಒಪ್ಪಿದರು. ಪೂರ್ತಿ ಮನಸ್ಸಿನಿಂದ ಅಂತ ಹೇಳಲಾರೆ.

ಹಾಗಾದರೆ ಎಷ್ಟು ನೀರು? ಗರಸಿನ ಒಂದು ಚೀಲವನ್ನು ಮೊದಲೇ ಲ್ಯಾಬಿಗೆ ಕೊಟ್ಟು ಪ್ರಾಕ್ಟರ್ ಟೆಸ್ಟ್ ಮಾಡಿಸಿದ್ದೆ. ಒಂದೇ ಮಣ್ಣನ್ನು ಬೇರೆ ಬೇರೆ ತೇವದಲ್ಲಿ, ಒಂದೇ ತೂಕದ ಸುತ್ತಿಗೆಯಿಂದ ಅಚ್ಚಿನೊಳಗೆ ಗಟ್ಟಿಸಿ, ಯಾವ ತೇವದಲ್ಲಿ ಅತಿ ಹೆಚ್ಚು ಬಿಗಿಯಾಗುತ್ತದೆ ಅಂತ ನೋಡುವ ಟೆಸ್ಟ್ ಅದು. ನಮ್ಮ ಗರಸಿಗೆ ಬಂದದ್ದು 12 ಶೇಕಡಾ ತೇವ, ಆಗ ಒಣ ಸಾಂದ್ರತೆ ಒಂದು ಸಿಸಿಗೆ 1.92 ಗ್ರಾಂ. ಟಿಪ್ಪರಿನಲ್ಲಿ ಬಂದ ಮಣ್ಣಿನ ತೇವ ನೋಡಲು ಅಕ್ಕನ ಹಳೇ ಬಾಣಲೆಯೇ ಸಾಕಾಯಿತು. 200 ಗ್ರಾಂ ತೂಗಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಹುರಿದು, ಮತ್ತೆ ತೂಗಿದರೆ 185 ಗ್ರಾಂ. ಹೋದ ನೀರು 15 ಗ್ರಾಂ. ಅದನ್ನು ಒಣ ತೂಕ 185ರಿಂದ ಭಾಗಿಸಿದರೆ ಸುಮಾರು 8 ಶೇಕಡಾ. ಇನ್ನು 4 ಶೇಕಡಾ ಸೇರಿಸಬೇಕು. 12 ಅಡಿಗೆ 12 ಅಡಿಯ ರೂಮಿನಲ್ಲಿ 15 ಸೆಂಟಿಮೀಟರ್ ಪದರವೆಂದರೆ 2 ಘನ ಮೀಟರ್, ಅದರ ಒಣ ತೂಕ 3.7 ಟನ್ ಹತ್ತಿರ. ಅದರ 4 ಶೇಕಡಾ 150 ಲೀಟರ್. ಮುಕ್ಕಾಲು ಡ್ರಮ್ ನೀರು, ಅಷ್ಟೇ. ಬೋರಿನ ಪೈಪು ರಾತ್ರಿಯಿಡೀ ಬಿಟ್ಟರೆ ಎಷ್ಟು ಹೋಗುತ್ತದೆ ಅಂತ ನೀವೇ ಯೋಚಿಸಿ.

ಆ ನೀರನ್ನೂ ಹರಡಿದ ಮೇಲೆ ಹಾಕುತ್ತಿರಲಿಲ್ಲ. ಹಾಗೆ ಮಾಡಿದರೆ ಮೇಲ್ಪದರ ಕೆಸರಾಗಿ ಕೆಳಗೆ ಧೂಳು ಉಳಿಯುತ್ತದೆ. ಹಿಂದಿನ ದಿನ ಸಂಜೆಯೇ ಹೊರಗಿನ ಗುಡ್ಡೆಗೆ ಚಿಮುಕಿಸಿ, ಸನಿಕೆಯಲ್ಲಿ ಎರಡು ಸಲ ಮಗುಚಿ, ಟಾರ್ಪಾಲು ಮುಚ್ಚಿ ಬಿಡುತ್ತಿದ್ದೆವು. ಬೆಳಗ್ಗೆ ಹೊತ್ತಿಗೆ ತೇವ ಎಲ್ಲ ಕಡೆ ಒಂದೇ ಥರ ಹರಡಿರುತ್ತಿತ್ತು. ಹದ ನೋಡುವ ಕೈಲೆಕ್ಕವನ್ನು ಕೆಲಸದವರಿಗೂ ಕಲಿಸಿದೆ. ಒಂದು ಹಿಡಿ ಮಣ್ಣು ತಗೊಂಡು ಬಿಗಿಯಾಗಿ ಹಿಸುಕಬೇಕು. ಉಂಡೆ ನಿಲ್ಲಬೇಕು. ಸೊಂಟದ ಎತ್ತರದಿಂದ ಬಿಟ್ಟರೆ ನಾಲ್ಕಾರು ಚೂರಾಗಿ ಒಡೆಯಬೇಕು. ಉಂಡೆಯೇ ಆಗದಿದ್ದರೆ ಒಣಗಿದೆ. ಬಿದ್ದು ಚಪ್ಪಟೆಯಾಗಿ ಅಂಟಿಕೊಂಡರೆ, ಇಲ್ಲವೇ ಅಂಗೈ ಒದ್ದೆಯಾದರೆ ನೀರು ಜಾಸ್ತಿಯಾಗಿದೆ. ಎರಡನೇ ಪದರದ ಹೊತ್ತಿಗೆ ಸನಿಕೆ ಹಿಡಿದ ಹೆಣ್ಣುಮಗಳೊಬ್ಬಳು ನಾನು ಕೇಳುವ ಮುಂಚೆಯೇ ಉಂಡೆ ಕಟ್ಟಿ ಬಿಡುತ್ತಿದ್ದಳು. ಅವಳ ಅಂದಾಜು ಬಾಣಲೆಯ ಲೆಕ್ಕಕ್ಕೆ ಬಹಳ ಹತ್ತಿರ ಬರುತ್ತಿತ್ತು.

ಒಂದು ಪದರ ಮುಗಿದ ಮೇಲೆ ಅದರ ಮೇಲ್ಮೈ ನುಣ್ಣಗಾಗಿರುತ್ತದೆ. ಅದರ ಮೇಲೇ ಮುಂದಿನದನ್ನು ಸುರಿದರೆ ಎರಡೂ ಬೇರೆ ಬೇರೆ ಹಲಗೆಯಾಗಿ ಉಳಿಯುತ್ತವೆ. ಹಾಗಾಗಿ ಹಲ್ಲುಗುದ್ದಲಿಯಿಂದ ಸ್ವಲ್ಪ ಗೀರಿ, ನೀರು ಚಿಮುಕಿಸಿ, ಆಮೇಲೆ ಹೊಸ ಗರಸು ಹರಡುತ್ತಿದ್ದೆವು. ಇದು ಐದು ನಿಮಿಷದ ಕೆಲಸ.

ಮೂರನೇ ಪದರಕ್ಕೆ ಬಂದಾಗ ನನ್ನ ಹಳೇ ಗೆಳೆಯನಿಂದ ಸ್ಯಾಂಡ್ ರಿಪ್ಲೇಸ್‌ಮೆಂಟ್ ಸಾಮಾನು ಎರವಲು ತಂದೆ. ರಸ್ತೆಯವರಿಗೆ ಇದು ದಿನದ ಕೆಲಸ, ಮನೆ ಸೈಟಿನಲ್ಲಿ ಜನ ಸುತ್ತ ನಿಂತು ನೋಡಿದರು. ದಮ್ಮಸಾದ ನೆಲದಲ್ಲಿ 10 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಆಳದ ಗುಂಡಿ ತೋಡಿ, ತೆಗೆದ ಮಣ್ಣನ್ನು ಒಂದು ಚೂರೂ ಬಿಡದೆ ತೂಗಬೇಕು. ಆ ಗುಂಡಿಗೆ ಜರಡಿ ಹಿಡಿದ ಒಣ ಮರಳನ್ನು ಸಿಲಿಂಡರಿನಿಂದ ಬಿಟ್ಟು, ಎಷ್ಟು ತೂಕದ ಮರಳು ಹಿಡಿಯಿತು ಅಂತ ನೋಡಬೇಕು. ಮರಳಿನ ಸಾಂದ್ರತೆ ಮೊದಲೇ ಗೊತ್ತಿರುವುದರಿಂದ ಗುಂಡಿಯ ಗಾತ್ರ ಸಿಗುತ್ತದೆ.

ಹಾಲ್ ರೂಮಿನ ನಡುವೆ ತೆಗೆದ ಗುಂಡಿಗೆ 1690 ಗ್ರಾಂ ಮರಳು ಹಿಡಿಯಿತು. ಮರಳಿನ ಸಾಂದ್ರತೆ 1.44. ಹಾಗಾಗಿ ಗುಂಡಿ 1174 ಸಿಸಿ. ತೆಗೆದ ಮಣ್ಣು 2420 ಗ್ರಾಂ, ಅಂದರೆ ಒದ್ದೆಯಾಗಿ ಸಿಸಿಗೆ 2.06. ತೇವ 11.8 ಶೇಕಡಾ ಇತ್ತು, ಅದನ್ನು ಕಳೆಯಲು 1.118ರಿಂದ ಭಾಗಿಸಿದರೆ ಒಣ ಸಾಂದ್ರತೆ 1.84. ಲ್ಯಾಬಿನ 1.92ಕ್ಕೆ ಹೋಲಿಸಿದರೆ 96 ಶೇಕಡಾ. ನಾನು ಇಟ್ಟುಕೊಂಡಿದ್ದ ಗುರಿ 95. ಭಾವನ ಮುಖ ಅರಳಿತು. ಮೇಸ್ತ್ರಿ ಆಗಲೇ ಟೀ ತರಿಸೋಕೆ ಹೇಳಿದ್ದರು.

ಟೀ ಬರುವಷ್ಟರಲ್ಲಿ ಮೂಲೆಯಲ್ಲಿ ಇನ್ನೊಂದು ತೋಡೋಣ ಅಂದೆ. ಗೋಡೆಯಿಂದ ಒಂದು ಗೇಣು ದೂರ. ಗುಂಡಿ 1181 ಸಿಸಿ, ಮಣ್ಣು 2215 ಗ್ರಾಂ, ತೇವ 11. ಲೆಕ್ಕ ಹಾಕಿದರೆ 1.69, ಅಂದರೆ 88 ಶೇಕಡಾ. ಅದೇ ಮಣ್ಣು, ಅದೇ ಪದರ, ಅದೇ ದಿನ. ಮೂಲೆಗೆ ಪ್ಲೇಟ್ ಹೋಗುವುದಿಲ್ಲ. ಹಿಡಿಕೆ ಗೋಡೆಗೆ ತಾಗುತ್ತದೆ, ಆಪರೇಟರ್ ತಿರುಗಿಸಿಕೊಂಡು ಬಂದುಬಿಡುತ್ತಾನೆ. ರ‍್ಯಾಮರ್ ತಂದಿದ್ದೇ ಅದಕ್ಕೆ, ಆದರೆ ಅದು ಕೈಗೆ ಬಹಳ ಹೊಡೆಯುತ್ತದೆ. ಹಿಡಿದವನ ಬೆರಳು ಜುಮ್ಮೆನ್ನುತ್ತಿರುತ್ತವೆ. ಹಾಗಾಗಿ ಅದು ಹೆಚ್ಚು ಹೊತ್ತು ಗೋಡೆಗೆ ಒರಗಿಕೊಂಡೇ ಇತ್ತು.

88 ಅಂದರೆ ಕಡಿಮೆಯೇನಲ್ಲ ಅಲ್ವಾ ಅಂತ ಭಾವ ಕೇಳಿದರು. ಪರೀಕ್ಷೆಯ ಮಾರ್ಕ್ಸ್ ಆಗಿದ್ದರೆ ನಿಜ. ಇಲ್ಲಿ 88 ಇರುವ ಮಣ್ಣು ವರ್ಷಗಳಲ್ಲಿ ತಾನಾಗಿಯೇ 92ಕ್ಕೆ ಬಂದರೂ ನಾಲ್ಕು ಪಾಲು ಕುಗ್ಗಿದ ಹಾಗೆ. ಒಟ್ಟು 90 ಸೆಂಟಿಮೀಟರ್ ಎತ್ತರಕ್ಕೆ ಅದು ಹತ್ತಿರ ಹತ್ತಿರ ನಾಲ್ಕು ಸೆಂಟಿಮೀಟರ್ ಆಗುತ್ತದೆ. ಗೋಡೆಯ ಬುಡದಲ್ಲೇ ನಾಲ್ಕು ಸೆಂಟಿಮೀಟರ್! ಕುಸಿದ ಮನೆಗಳಲ್ಲಿ ಸಂದು ಮೊದಲು ಗೋಡೆ ಪಕ್ಕದಲ್ಲೇ ಕಾಣೋದು ಇದಕ್ಕೇ. ಅಲ್ಲಿಂದ ಮುಂದೆ ಕ್ರಮ ಬದಲಾಯಿಸಿದೆವು. ಪ್ರತಿ ಪದರದಲ್ಲೂ ಮೊದಲು ಗೋಡೆ ಬದಿಯ ಎರಡು ಅಡಿ ಪಟ್ಟಿಗೆ ರ‍್ಯಾಮರ್. ಅದು ಮುಗಿದ ಮೇಲೇ ಪ್ಲೇಟ್ ಶುರು. ಮಷಿನ್ ಹಿಡಿಯಲು ಇಬ್ಬರು ಸರದಿ. ತೀರಾ ಮೂಲೆಯ ಕೋನಕ್ಕೆ ಮಾತ್ರ ಕಬ್ಬಿಣದ ಕೈದಮ್ಮಸು, ಅದೂ 10 ಸೆಂಟಿಮೀಟರಿನ ತೆಳು ಪದರದಲ್ಲಿ. ಆ ಮೂರನೇ ಪದರದ ಬದಿಗಳನ್ನು ಕೆದಕಿ ಮತ್ತೆ ಹೊಡೆಸಿದ ಮೇಲೆ ಅಲ್ಲೂ 95 ದಾಟಿತು. ಕೆಳಗಿನ ಎರಡು ಪದರಗಳ ಮೂಲೆಗಳನ್ನೂ ತೋಡಿಸಿ ಹೊಡೆಸಬೇಕಾಯಿತು. ಟೀ ತಣ್ಣಗಾಯಿತು.

ಪೈಪಿನದು ಬೇರೆ ಕಥೆ. ಬಚ್ಚಲು, ಕಕ್ಕಸಿನ 110 ಎಂಎಂ ಪೈಪುಗಳು ಪ್ಲಿಂತಿನೊಳಗಿಂದಲೇ ಹೊರಗೆ ಹೋಗಬೇಕು. ಸಾಮಾನ್ಯವಾಗಿ ಫಿಲ್ಲಿಂಗ್ ಎಲ್ಲ ಮುಗಿದ ಮೇಲೆ ಪ್ಲಂಬರ್ ಬಂದು, ಕಾಲುವೆ ತೋಡಿ, ಪೈಪು ಇಟ್ಟು, ಅದೇ ಮಣ್ಣನ್ನು ಕಾಲಲ್ಲಿ ತಳ್ಳಿ ಹೋಗುತ್ತಾನೆ. ಅಷ್ಟು ದಿನ ಮಾಡಿದ್ದೆಲ್ಲ ಆ ಒಂದು ಪಟ್ಟಿಯಲ್ಲಿ ಹಾಳು. ಟಾಯ್ಲೆಟ್ಟಿನ ಬಾಗಿಲ ಹತ್ತಿರ ಟೈಲ್ ಉದ್ದುದ್ದ ಬಿರಿಯುವ ಮನೆಗಳಲ್ಲಿ ನಾನು ಮೊದಲು ಕೇಳುವುದು ಪೈಪು ಎಲ್ಲಿ ಹೋಗಿದೆ ಅಂತ.

ನಾವು ಪ್ಲಂಬರನ್ನು ನಾಲ್ಕನೇ ಪದರ ಮುಗಿಯುತ್ತಿದ್ದಂತೆಯೇ ಕರೆಸಿದೆವು. ಗಟ್ಟಿಯಾದ ಗರಸಿನಲ್ಲಿ ನೇರ ಗೋಡೆಯ ಕಾಲುವೆ ಕಡಿದು, ತಳಕ್ಕೆ ಮರಳು ಹಾಕಿ ಪೈಪು ಇಟ್ಟರು. ಮುಚ್ಚುವ ಮೊದಲು ಹೊರಗಿನ ತುದಿಗೆ ಮುಚ್ಚಳ ಬಿಗಿದು, ಪೈಪಿನ ತುಂಬ ನೀರು ನಿಲ್ಲಿಸಿ ರಾತ್ರಿ ಬಿಟ್ಟೆವು. ಬೆಳಗ್ಗೆ ನೋಡಿದರೆ ಒಂದು ಜಾಯಿಂಟಿನ ಕೆಳಗೆ ಮರಳು ಒದ್ದೆಯಾಗಿತ್ತು. ಪ್ಲಂಬರ್ "ಅದು ಬೆವರು" ಅಂದ. ಕತ್ತರಿಸಿ ಬೇರೆ ಹಾಕಿಸಿದೆವು. ಎರೆಮಣ್ಣಿನ ಮೇಲೆ ನಿಂತ ಮನೆಯಲ್ಲಿ ನೆಲದಡಿ ಸೋರುವ ಒಂದು ಜಾಯಿಂಟ್ ಏನು ಮಾಡುತ್ತದೆ ಅಂತ ಮೇಲೆಯೇ ಹೇಳಿದೆನಲ್ಲ. ಪೈಪಿನ ಎರಡೂ ಪಕ್ಕಕ್ಕೆ ಮರಳನ್ನು ಸಮವಾಗಿ ತುಂಬಿ ಮರದ ತುಂಡಿನಿಂದ ಕೈಯಲ್ಲೇ ಗಟ್ಟಿಸಿ, ಪೈಪಿನ ಮೇಲೆ ಒಂದಡಿ ಮಣ್ಣು ಬರುವವರೆಗೂ ಮಷಿನ್ ಹತ್ತಿಸಲಿಲ್ಲ.

ಕೊನೆಯ ಪದರಕ್ಕೆ ಒಂದು ಅಕಾಲದ ಮಳೆ ಬಂತು. ಟಾರ್ಪಾಲು ಅರ್ಧ ಮುಚ್ಚುವಷ್ಟರಲ್ಲಿ ಮುಂದಿನ ರೂಮು ನೆನೆಯಿತು. ದಮ್ಮಸಾದ ಗರಸು ಮಳೆಯನ್ನು ಬೇಗ ಒಳಗೆ ಬಿಡುವುದಿಲ್ಲ, ಮೇಲಿನ ಒಂದೆರಡು ಇಂಚು ಮಾತ್ರ ಕೆಸರಾಗಿತ್ತು. ಅದನ್ನು ಕೆರೆದು ಹೊರಗೆ ಹಾಕಿ, ಒಣ ಗರಸು ಹದ ಮಾಡಿ ಹಾಕಿ ಹೊಡೆದೆವು.

ಮೇಲ್ಮಟ್ಟಕ್ಕೆ ಬಂದ ಮೇಲೆ ಗೆದ್ದಲು ಔಷಧಿ. ಕ್ಲೋರ್‌ಪೈರಿಫಾಸ್ 20 ಇಸಿ, ಅಂದರೆ 20 ಶೇಕಡಾ ಔಷಧಿ ಇರುವ ದ್ರವ, ಒಂದು ಲೀಟರಿಗೆ 19 ಲೀಟರ್ ನೀರು ಬೆರೆಸಿದರೆ 1 ಶೇಕಡಾ ದ್ರಾವಣ. ಭಾರತೀಯ ಮಾನಕ ಐಎಸ್ 6313 ಹೇಳುವ ಪ್ರಕಾರ ಚದರ ಮೀಟರಿಗೆ 5 ಲೀಟರ್ ಬೀಳಬೇಕು. 75 ಚದರ ಮೀಟರಿಗೆ 375 ಲೀಟರ್ ದ್ರಾವಣ, ಅಂದರೆ ಹತ್ತಿರ ಹತ್ತಿರ 19 ಲೀಟರ್ ಔಷಧಿ. ಒಂದೆರಡು ಕ್ಯಾನ್ ತಂದು ಮನೆ ತುಂಬ ಚಿಮುಕಿಸಿ "ಟ್ರೀಟ್‌ಮೆಂಟ್ ಆಯ್ತು" ಅನ್ನುವವರ ಲೆಕ್ಕ ಇದರ ಹತ್ತಿರಕ್ಕೂ ಬರುವುದಿಲ್ಲ. ಹೊಡೆದ ಮೇಲೆ ಆ ಮಣ್ಣನ್ನು ಮತ್ತೆ ಕೆದಕಬಾರದು, ಕೆದಕಿದರೆ ಔಷಧಿಯ ಪದರ ಒಡೆಯುತ್ತದೆ. ಹಾಗಾಗಿ ಮಟ್ಟ ನೋಡಿ, ತಗ್ಗು ತುಂಬಿ, ಎಲ್ಲ ಮುಗಿದ ಮೇಲೆಯೇ ಹೊಡೆಸಬೇಕು. ಗ್ಲೌಸು, ಮುಖಕ್ಕೆ ಮಾಸ್ಕು ಹಾಕಿಸಿ ಹೊಡೆಸಿದೆವು. ಮಕ್ಕಳನ್ನು ಸೈಟಿನ ಹತ್ತಿರ ಬಿಡಲಿಲ್ಲ.

ಅದು ಆರಿದ ಮೇಲೆ 250 ಮೈಕ್ರಾನ್ ಪಾಲಿಥೀನ್ ಶೀಟು, ಒಂದರ ಮೇಲೊಂದು ಒಂದು ಗೇಣು ಹತ್ತಿಸಿ. ಅದರ ಮೇಲೆ 8 ಎಂಎಂ ಕಬ್ಬಿಣದ ಜಾಲ, ಶೀಟಿಗೆ ತಾಗದಂತೆ ಕೆಳಗೆ ಕವರ್ ಬ್ಲಾಕ್ ಕೊಟ್ಟು. ಎಂ20 ಕಾಂಕ್ರೀಟು, ದಪ್ಪ 10 ಸೆಂಟಿಮೀಟರ್. ಇಲ್ಲಿ ಒಂದು ವಿಷಯಕ್ಕೆ ಮಾತ್ರ ನಾನು ಹಟ ಹಿಡಿದೆ. ಸ್ಲ್ಯಾಬಿನ ಅಂಚನ್ನು ಗೋಡೆಯಡಿಯ ಪ್ಲಿಂತ್ ಬೀಮಿನ ಮೇಲೆ ಕೂರಿಸಬಾರದು. ಅಂಚು ಬೀಮಿನ ಮೇಲೆ ಇದ್ದು ನಡುವೆ ಮಣ್ಣು ಸ್ವಲ್ಪ ಇಳಿದರೂ ಸ್ಲ್ಯಾಬು ಅಲ್ಲೇ ಬಾಗಿ ಬಿರಿಯುತ್ತದೆ. ಗೋಡೆಗುಂಟ ಅರ್ಧ ಇಂಚಿನ ಥರ್ಮಾಕೋಲ್ ಪಟ್ಟಿ ನಿಲ್ಲಿಸಿ, ಸ್ಲ್ಯಾಬು ಪೂರ್ತಿ ಗರಸಿನ ಮೇಲೇ ಮಲಗುವಂತೆ ಹಾಕಿದೆವು. ಅದಕ್ಕಾಗಿಯೇ ಅಲ್ವಾ ಇಷ್ಟೆಲ್ಲ ಮಾಡಿದ್ದು.

ಕ್ಯೂರಿಂಗಿಗೆ ಮೇಸ್ತ್ರಿ ಎಂದಿನಂತೆ ಗಾರೆಯ ಬದು ಕಟ್ಟಿ ನೀರು ನಿಲ್ಲಿಸಲು ಹೊರಟರು. ಅಂಚಿನ ಥರ್ಮಾಕೋಲ್ ಸಂದಿನಿಂದ ಅದೆಲ್ಲ ಕೆಳಗೆ ಇಳಿಯುತ್ತದೆ. ಒದ್ದೆ ಗೋಣಿಚೀಲ ಹಾಸಿ ದಿನಕ್ಕೆ ಮೂರು ನಾಲ್ಕು ಸಲ ನೆನೆಸಿದರೆ ಸಾಕು ಅಂತ ಹೇಳಿ ಬದು ತೆಗೆಸಿದೆ.

ಈಗ ಉಳಿದಿರುವುದು ಹೊರಗಿನ ನೀರು. ಮನೆಯ ಸುತ್ತ ಮೂರಡಿ ಅಗಲದ ಕಾಂಕ್ರೀಟ್ ಪಟ್ಟಿಯನ್ನು ಹೊರಕ್ಕೆ ಇಳಿಜಾರು ಕೊಟ್ಟು ಹಾಕಬೇಕು ಅಂತ ಮಾತಾಗಿದೆ. ಅಕ್ಕನಿಗೆ ಅಡುಗೆಮನೆಯ ಗೋಡೆಗೆ ಒತ್ತಿಕೊಂಡೇ ಮಲ್ಲಿಗೆ ಬಳ್ಳಿ ಹಾಕುವ ಆಸೆ. ದಿನಾ ಎರಡು ಬಿಂದಿಗೆ ನೀರು ಗೋಡೆ ಬುಡಕ್ಕೆ ಬಿದ್ದರೆ ಆ ಮೂಲೆಯ ಎರೆಮಣ್ಣು ಒಂದೇ ಕಡೆ ಉಬ್ಬುತ್ತದೆ ಅಂತ ನಾನು, ಒಂದು ಬಳ್ಳಿಗೆ ಮನೆ ಬೀಳುತ್ತದಾ ಅಂತ ಅವಳು. ಕಾಂಪೌಂಡಿನ ಕಡೆ ಜಾಗ ತೋರಿಸಿದ್ದೇನೆ. ಇನ್ನೂ ಒಪ್ಪಿಲ್ಲ.